ಅಪಘಾತ ವಿಮೆಯ ಕ್ಲೇಮು: ಪೊಲೀಸ್ ದಾಖಲೆ ಮತ್ತು ಎಂಎಲ್‌ಸಿ

ಅಪಘಾತದಲ್ಲಿ ಗಾಯ, ಅಂಗವೈಕಲ್ಯ, ಸಾವು ಅಥವಾ ವಾಹನದ ನಷ್ಟ ಆದಾಗ ವಿಮಾ ಕಂಪನಿಗಳು ಬಿಲ್ಲು, ರಸೀದಿಗಳಲ್ಲದೆ ಬೇರೊಂದು ಬಗೆಯ ಕಾಗದಗಳನ್ನೂ ಕೇಳುವುದುಂಟು. ಪೊಲೀಸ್ ಠಾಣೆಯ ಎಫ್‌ಐಆರ್ ಮತ್ತು ಮಹಜರು, ಆಸ್ಪತ್ರೆಯ ಎಂಎಲ್‌ಸಿ ದಾಖಲೆ, ಗಾಯದ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ ಇವುಗಳಲ್ಲಿ ಮುಖ್ಯವಾದವು. ಎಲ್ಲ ಅಪಘಾತಕ್ಕೂ ಇವು ಬೇಕಾಗುವುದಿಲ್ಲ. ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡವರಿಗೆ ಎಫ್‌ಐಆರ್ ತನ್ನಿ ಎನ್ನುವುದರಲ್ಲಿ ಅರ್ಥವಿಲ್ಲ. ಲಾರಿ ಡಿಕ್ಕಿಯಾಗಿ ಸತ್ತವರ ಮನೆಯವರಿಗಾದರೋ ಅದಿಲ್ಲದೆ ಕ್ಲೇಮು ಮುಂದೆ ಸಾಗುವುದೇ ಇಲ್ಲ. ತಕರಾರುಗಳೆಲ್ಲ ಹುಟ್ಟುವುದು ಈ ಎರಡರ ನಡುವಿನ ಪ್ರಕರಣಗಳಲ್ಲಿ: ಬೈಕಿನಿಂದ ತಾನೇ ಬಿದ್ದವರು, ಅಡಿಕೆ ಮರದಿಂದ ಜಾರಿದವರು, ಗಾಡಿ ಓಡಿಸುತ್ತಲೇ ಎದೆನೋವು ಬಂದು ಕುಸಿದವರು, ಪೊಲೀಸರ ಗೊಡವೆ ಬೇಡವೆಂದು ಆಸ್ಪತ್ರೆಯಲ್ಲಿ ಅರ್ಧ ಮಾತು ಹೇಳಿ ಚಿಕಿತ್ಸೆ ಪಡೆದವರು. ಭಾರತದ ನಿಯಮಗಳನ್ನೂ ಕರ್ನಾಟಕದ ಠಾಣೆ, ಆಸ್ಪತ್ರೆಗಳ ರೂಢಿಯನ್ನೂ ಆಧರಿಸಿ ಈ ಲೇಖನ ವಿಷಯವನ್ನು ಪರಿಶೀಲಿಸುತ್ತದೆ.

ಕಂಪನಿ ಏಕೆ ಕೇಳುತ್ತದೆ

ಇದನ್ನು ಬರೀ ಕಿರುಕುಳವೆಂದು ತಳ್ಳಿಹಾಕುವಂತಿಲ್ಲ. ಪಾಲಿಸಿಯ ಷರತ್ತುಗಳಲ್ಲಿ ‘ಅಪಘಾತ’ ಎಂಬ ಮಾತಿಗೆ ದೊಡ್ಡ ಬೆಲೆಯಿದೆ. ಆರೋಗ್ಯ ವಿಮೆ ಹೊಸದಾಗಿ ಕೊಂಡ ಮೊದಲ 30 ದಿನ ಕಾಯಿಲೆಗಳಿಗೆ ಹಣ ಸಿಗುವುದಿಲ್ಲ, ಅಪಘಾತಕ್ಕೆ ಮಾತ್ರ ಮೊದಲ ದಿನದಿಂದಲೇ ಸಿಗುತ್ತದೆ. ಮೊಣಕಾಲಿನ ಕೀಲು ಬದಲಾವಣೆಯಂಥ ಕೆಲವು ಚಿಕಿತ್ಸೆಗಳಿಗೆ ವರ್ಷಗಟ್ಟಲೆ ಕಾಯಬೇಕೆಂಬ ಷರತ್ತಿರುತ್ತದೆ, ಅದೂ ಅಪಘಾತದಿಂದ ಬಂದದ್ದಾದರೆ ಅನ್ವಯಿಸುವುದಿಲ್ಲ. ರೂಪ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಹಣವಿಲ್ಲ, ಅಪಘಾತದ ನಂತರದ್ದಕ್ಕೆ ಉಂಟು. ಜೀವ ವಿಮೆಯಲ್ಲಿ ಅಪಘಾತ ಮರಣಕ್ಕೆ ಮೂಲ ಮೊತ್ತದ ಮೇಲೆ ಬೇರೊಂದು ಮೊತ್ತ ಸೇರುತ್ತದೆ. ಹಳೆಯ ಮಂಡಿನೋವನ್ನು ಹೊಸ ಬೀಳುವಿಕೆಯೆಂದು ತೋರಿಸಿದರೆ ಲಕ್ಷಗಟ್ಟಲೆ ಹಣದ ವ್ಯತ್ಯಾಸವಾಗುವುದರಿಂದ, ನಡೆದದ್ದನ್ನು ನಡೆದ ಹೊತ್ತಿಗೇ ಮೂರನೆಯವರು ಬರೆದಿಟ್ಟ ದಾಖಲೆಯನ್ನು ಕಂಪನಿ ಹುಡುಕುತ್ತದೆ.

ಎರಡನೆಯ ಕಾರಣ ಪಾಲಿಸಿಯ ಹೊರಗಿಡುವ ಷರತ್ತುಗಳು. ಮದ್ಯ ಅಥವಾ ಮಾದಕ ವಸ್ತುವಿನ ಪರಿಣಾಮ, ಆತ್ಮಹತ್ಯೆಯ ಯತ್ನ, ಅಪರಾಧ ಮಾಡಲು ಹೋಗಿ ಆದ ಗಾಯ, ಲೈಸೆನ್ಸ್ ಇಲ್ಲದೆ ವಾಹನ ಓಡಿಸಿದ್ದು, ಇವುಗಳಲ್ಲಿ ಯಾವುದಾದರೂ ಇತ್ತೇ ಎಂಬುದು ಡಿಸ್ಚಾರ್ಜ್ ಸಮರಿಯಿಂದ ಗೊತ್ತಾಗುವುದಿಲ್ಲ. ಕ್ಯಾಷುಯಾಲಿಟಿಯ ಮೊದಲ ಪುಟ, ಸ್ಥಳ ಮಹಜರು, ರಕ್ತಪರೀಕ್ಷೆ, ವಿಸೆರಾ ವರದಿಗಳಿಂದ ಗೊತ್ತಾಗುತ್ತದೆ.

ಕಾಗದಗಳು ಎಲ್ಲಿ ಹುಟ್ಟುತ್ತವೆ

ಎಂಎಲ್‌ಸಿ ಎಂದರೆ ಕಾನೂನಿನ ತನಿಖೆ ಬೇಕಾಗಬಹುದಾದ ವೈದ್ಯಕೀಯ ಪ್ರಕರಣ. ರಸ್ತೆ ಅಪಘಾತ, ಹಲ್ಲೆ, ಸುಟ್ಟ ಗಾಯ, ವಿಷಪ್ರಾಶನ, ನೇಣು, ನೀರಿನಲ್ಲಿ ಮುಳುಗಿದ್ದು, ಪ್ರಜ್ಞೆಯಿಲ್ಲದೆ ಬಂದ ಅಪರಿಚಿತರು, ಆಸ್ಪತ್ರೆಗೆ ತರುವಾಗಲೇ ಪ್ರಾಣ ಹೋಗಿದ್ದವರು ಈ ಪಟ್ಟಿಯಲ್ಲಿ ಬರುತ್ತಾರೆ. ಹಾಗೆ ದಾಖಲಿಸಬೇಕೇ ಬೇಡವೇ ಎಂಬ ತೀರ್ಮಾನ ಕ್ಯಾಷುಯಾಲಿಟಿಯಲ್ಲಿರುವ ಡ್ಯೂಟಿ ಡಾಕ್ಟರದು. ರೋಗಿಯೋ ಅವರ ನೆಂಟರೋ ಬೇಡವೆಂದ ಮಾತ್ರಕ್ಕೆ ಬಿಡುವಂಥದ್ದಲ್ಲ. ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಹಾಕಿ, ಬಂದ ದಿನ ಮತ್ತು ಗಂಟೆ, ಕರೆತಂದವರ ಹೆಸರು, ಗುರುತಿನ ಮಚ್ಚೆ, ಗಾಯಗಳ ವಿವರ, ಘಟನೆ ಹೇಗಾಯಿತೆಂದು ಯಾರು ಏನು ಹೇಳಿದರು ಎಂಬುದನ್ನು ಬರೆದು, ಠಾಣೆಗೆ ತಿಳುವಳಿಕೆ ಕಳಿಸುತ್ತಾರೆ. ಇದಕ್ಕಾಗಿ ಚಿಕಿತ್ಸೆ ಕಾಯಬೇಕಿಲ್ಲ. ಪೊಲೀಸ್ ಕಾರ್ಯವಿಧಾನ ಮುಗಿಯಲೆಂದು ಚಿಕಿತ್ಸೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ, ಹೇಳಿದೆ. ಗಾಯಾಳುವನ್ನು ಕರೆತಂದ ದಾರಿಹೋಕರನ್ನು ಸಾಕ್ಷಿಯಾಗಿ ಎಳೆದಾಡುವಂತಿಲ್ಲವೆಂದು 2019ರ ಮೋಟಾರು ವಾಹನ ತಿದ್ದುಪಡಿಯಲ್ಲೂ ರಕ್ಷಣೆಯಿದೆ.

ಆಸ್ಪತ್ರೆಯ ತಿಳುವಳಿಕೆ ಠಾಣೆ ಮುಟ್ಟಿದ ಮೇಲೆ ಪೊಲೀಸರು ಬಂದು ಗಾಯಾಳುವಿನ ಹೇಳಿಕೆ ಪಡೆಯುತ್ತಾರೆ. ಅಪರಾಧ ಕಂಡರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ ಎಫ್‌ಐಆರ್ ದಾಖಲಾಗುತ್ತದೆ. ರಸ್ತೆ ಅಪಘಾತವಾದರೆ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 281, 125 ಮತ್ತು ಸಾವಾಗಿದ್ದರೆ 106ನೇ ಕಲಮುಗಳನ್ನು ಹಾಕುತ್ತಾರೆ. 2024ರ ಜುಲೈ 1ಕ್ಕೆ ಮುಂಚಿನ ಅಪಘಾತಗಳ ಕಾಗದದಲ್ಲಿ ಇವೇ ಹಳೆಯ ಐಪಿಸಿಯ 279, 337, 338, 304ಎ ಎಂದಿರುತ್ತವೆ. ಯಾರ ಮೇಲೂ ಅಪರಾಧ ಹೊರಿಸಲಾಗದ ಅಸಹಜ ಸಾವಿಗೆ, ಉದಾಹರಣೆಗೆ ಬಾವಿಗೆ ಬಿದ್ದದ್ದು, ವಿದ್ಯುತ್ ಸ್ಪರ್ಶ, ಹಾವು ಕಚ್ಚಿದ್ದು, ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಯುಡಿಆರ್ ದಾಖಲಾಗುತ್ತದೆ. ಇದು ಎಫ್‌ಐಆರ್ ಅಲ್ಲ. ಆದರೂ ವಿಮೆಯ ಮಟ್ಟಿಗೆ ಅದೇ ಕೆಲಸ ಮಾಡುತ್ತದೆ. ‘ಎಫ್‌ಐಆರ್ ಇಲ್ಲ’ ಎಂದು ಕಂಪನಿ ವಾಪಸು ಕಳಿಸಿದ ಎಷ್ಟೋ ಅರ್ಜಿಗಳಲ್ಲಿ ಯುಡಿಆರ್ ಪ್ರತಿ ಮನೆಯಲ್ಲೇ ಇದ್ದು, ಅದನ್ನು ಕಳಿಸಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ.

ಇವಾದ ಮೇಲೆ ಸ್ಥಳ ಮಹಜರು, ಕೈನಕ್ಷೆ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರು ನೋಡಿ ಕೊಡುವ ಐಎಂವಿ ವರದಿ, ಆಸ್ಪತ್ರೆಯಿಂದ ಠಾಣೆಗೆ ಹೋಗುವ ಗಾಯದ ಪ್ರಮಾಣಪತ್ರ, ಸಾವಾಗಿದ್ದರೆ ಶವ ಪಂಚನಾಮೆ ಮತ್ತು ಪಿಎಂ ರಿಪೋರ್ಟ್, ಕೊನೆಗೆ ಚಾರ್ಜ್‌ಶೀಟ್ ಅಥವಾ ಬಿ ರಿಪೋರ್ಟ್ ಒಂದರ ಹಿಂದೊಂದು ಬರುತ್ತವೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು, ಅದು ರಾಜ್ಯ ಪೊಲೀಸರ ಜಾಲತಾಣದಲ್ಲೂ ಸಿಗುತ್ತದೆ. ಗಾಯದ ಪ್ರಮಾಣಪತ್ರ ಮಾತ್ರ ಸಾಮಾನ್ಯವಾಗಿ ರೋಗಿಯ ಕೈಗೆ ನೇರವಾಗಿ ಬರುವುದಿಲ್ಲ, ತನಿಖಾಧಿಕಾರಿಯಿಂದಲೇ ಪಡೆಯಬೇಕಾಗುತ್ತದೆ. ಕೇಸ್ ಶೀಟಿನ ಪ್ರತಿಯ ಮಾತು ಬೇರೆ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮ 2002ರಿಂದಲೂ ಹೇಳುತ್ತದೆ.

ಯಾವ ಪಾಲಿಸಿಗೆ ಯಾವಾಗ

ಒತ್ತಾಯದ ಮಟ್ಟ ಪಾಲಿಸಿಯಿಂದ ಪಾಲಿಸಿಗೆ ಬೇರೆ. ಥರ್ಡ್ ಪಾರ್ಟಿ ಪರಿಹಾರದಲ್ಲಿ, ಅಂದರೆ ಇನ್ನೊಬ್ಬರ ವಾಹನದಿಂದ ಗಾಯ ಅಥವಾ ಸಾವಾದಾಗ, ಪೊಲೀಸ್ ದಾಖಲೆಯೇ ಬುನಾದಿ. ಯಾವ ವಾಹನ, ಯಾರು ಚಾಲಕ, ಯಾರ ತಪ್ಪು, ಯಾವ ಕಂಪನಿಯ ವಿಮೆ ಎಂಬುದೆಲ್ಲ ಅಲ್ಲಿಂದಲೇ ಬರಬೇಕು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ತನಿಖಾಧಿಕಾರಿ ಮಾಹಿತಿ ಬಂದ 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. ವಿಮಾ ಕಂಪನಿಗೂ ಪ್ರತಿ ಹೋಗಬೇಕು. ವಾಹನ ಗುದ್ದಿ ಪರಾರಿಯಾಗಿ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಯ ಪ್ರತ್ಯೇಕ ಯೋಜನೆಯಿದೆ. ಅದರ ಅರ್ಜಿ ಹೋಗುವುದು ಕಂಪನಿಗಲ್ಲ, ಕಂದಾಯ ಇಲಾಖೆಯ ತಹಶೀಲ್ದಾರರಂಥ ಅಧಿಕಾರಿಗೆ. ಎಫ್‌ಐಆರ್ ಇಲ್ಲದೆ ಅಲ್ಲಿ ಕಡತವೇ ತೆರೆಯುವುದಿಲ್ಲ.

ಸ್ವಂತ ವಾಹನದ ಜಖಂಗೆ, ವರ್ಕ್‌ಶಾಪಿನವರ ಮಾತಿನಲ್ಲಿ ‘ಓಡಿ ಕ್ಲೇಮಿಗೆ’, ಬಂಪರ್ ಒಡೆದಾಗ, ಗೋಡೆಗೆ ಉಜ್ಜಿದಾಗ ಎಫ್‌ಐಆರ್ ಬೇಕಿಲ್ಲ. ಸರ್ವೇಯರ್ ನೋಡಿ ಬರೆದ ವರದಿ ಸಾಕು. ಯಾರಿಗಾದರೂ ಗಾಯವಾಗಿದ್ದರೆ, ಇನ್ನೊಬ್ಬರ ಆಸ್ತಿ ಹಾಳಾಗಿದ್ದರೆ, ವಾಹನ ಕಳವಾಗಿದ್ದರೆ, ಬೆಂಕಿ ಹಚ್ಚಿದ್ದರೆ ಕಂಪನಿ ಪೊಲೀಸ್ ದಾಖಲೆ ಕೇಳಿಯೇ ಕೇಳುತ್ತದೆ.

ವೈಯಕ್ತಿಕ ಅಪಘಾತ ವಿಮೆಯ ಕಟ್ಟುಪಾಡು ಹೇಗಿರಬೇಕೆಂಬುದಕ್ಕೆ ಒಳ್ಳೆಯ ಮಾದರಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ, ಅಪಘಾತದ ಸಾವಿಗೆ 2 ಲಕ್ಷ ಕೊಡುವ ಯೋಜನೆಯಿದು. ರಸ್ತೆ, ರೈಲು ಅಪಘಾತ, ನೀರಿನಲ್ಲಿ ಮುಳುಗಿದ್ದು, ಅಪರಾಧದಿಂದಾದ ಸಾವು ಇಂಥವನ್ನು ಪೊಲೀಸರಿಗೆ ತಿಳಿಸಿರಬೇಕು, ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು ಇಂಥವಕ್ಕೆ ತಕ್ಷಣದ ಆಸ್ಪತ್ರೆ ದಾಖಲೆ ಕಾರಣವನ್ನು ಹೇಳಬೇಕು ಎಂದು ಯೋಜನೆಯೇ ಬಿಡಿಸಿ ಹೇಳಿದೆ. ಮಲೆನಾಡಿನ ಅಡಿಕೆ ತೋಟದ ಕೊನೆಗಾರರ ಮಟ್ಟಿಗೆ ಈ ಎರಡನೆಯ ಮಾತು ಬಹಳ ಮುಖ್ಯ. ಮರದಿಂದ ಬಿದ್ದವರನ್ನು ಮೊದಲು ನಾಟಿ ಮೂಳೆವೈದ್ಯರ ಬಳಿಗೊಯ್ದು, ನಾಲ್ಕು ದಿನದ ಮೇಲೆ ಆಸ್ಪತ್ರೆಗೆ ಸೇರಿಸಿದರೆ ಆ ‘ತಕ್ಷಣದ ದಾಖಲೆ’ ಎಲ್ಲಿಂದ ಬರಬೇಕು? ಹಾವು ಕಚ್ಚಿದವರನ್ನು ಮಂತ್ರ ಹಾಕಿಸಲು ಕರೆದೊಯ್ದು, ದಾರಿಯಲ್ಲೇ ಪ್ರಾಣ ಹೋಗಿ, ಮರಣೋತ್ತರ ಪರೀಕ್ಷೆಯಿಲ್ಲದೆ ಮಣ್ಣು ಮಾಡಿದರೆ ಕಾರಣವನ್ನು ತೋರಿಸುವ ಒಂದು ಚೀಟಿಯೂ ಉಳಿಯುವುದಿಲ್ಲ.

ಜೀವ ವಿಮೆಯಲ್ಲಿ ಮೂಲ ಮೊತ್ತ ಮತ್ತು ಅಪಘಾತ ರೈಡರ್ ಮೊತ್ತ ಬೇರೆಬೇರೆಯಾಗಿ ಇತ್ಯರ್ಥವಾಗುತ್ತವೆ. ಮೂಲ ಮೊತ್ತಕ್ಕೆ ಮರಣ ಪ್ರಮಾಣಪತ್ರ, ನಾಮನಿರ್ದೇಶಿತರ ಗುರುತು, ಬ್ಯಾಂಕ್ ವಿವರ ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ರೈಡರ್ ಹಣಕ್ಕೆ ಎಫ್‌ಐಆರ್ ಅಥವಾ ಯುಡಿಆರ್, ಪಂಚನಾಮೆ, ಪಿಎಂ ರಿಪೋರ್ಟ್ ಬೇಕು, ಕೆಲವೊಮ್ಮೆ ಪೊಲೀಸರ ಅಂತಿಮ ವರದಿಯೂ ಬೇಕು. ಮೊದಲನೆಯದು ಖಾತೆಗೆ ಬಂದುಬಿಟ್ಟರೆ ಎಲ್ಲವೂ ಬಂತೆಂದು ಕುಟುಂಬದವರು ಸುಮ್ಮನಾಗುವುದು ಸಾಮಾನ್ಯ. ಬಾಂಡಿನಲ್ಲಿ ರೈಡರ್ ಇದೆಯೇ ಎಂದು ಒಮ್ಮೆ ನೋಡಬೇಕು.

ಆರೋಗ್ಯ ವಿಮೆಯಲ್ಲಿ ಗೊಂದಲ ಹೆಚ್ಚು, ಏಕೆಂದರೆ ಇಲ್ಲಿ ಸಿದ್ಧ ನಿಯಮ ಕಡಿಮೆ, ಟಿಪಿಎ ಕಳಿಸುವ ಕ್ಯೂರಿ ಹೆಚ್ಚು. ರಸ್ತೆ ಅಪಘಾತವಾದರೆ ಎಂಎಲ್‌ಸಿ ಪ್ರತಿ, ಅಥವಾ ಎಂಎಲ್‌ಸಿ ಏಕೆ ಆಗಿಲ್ಲವೆಂದು ಚಿಕಿತ್ಸೆ ಕೊಟ್ಟ ವೈದ್ಯರ ಪತ್ರ, ರೋಗಿ ಮದ್ಯದ ಅಮಲಿನಲ್ಲಿರಲಿಲ್ಲ ಎಂಬ ಟಿಪ್ಪಣಿ ಕೇಳುವುದು ರೂಢಿ. ಹಲ್ಲೆಯಾಗಿದ್ದರೆ ಎಫ್‌ಐಆರ್ ಕೇಳುತ್ತಾರೆ. ಮನೆಯಲ್ಲಿ ಬಿದ್ದದ್ದು, ಆಟದಲ್ಲಿ ಕಾಲು ಉಳುಕಿದ್ದು, ತರಕಾರಿ ಹೆಚ್ಚುವಾಗ ಬೆರಳು ಕತ್ತರಿಸಿದ್ದು ಇವಕ್ಕೆ ವೈದ್ಯರ ವಿವರಣೆಯೇ ಸಾಕಾಗಬೇಕು. ಹೀಗಿದ್ದೂ ಸಿದ್ಧ ಪತ್ರದಲ್ಲಿ ‘ಎಂಎಲ್‌ಸಿ/ಎಫ್‌ಐಆರ್ ಸಲ್ಲಿಸಿ’ ಎಂಬ ಸಾಲು ತಾನಾಗಿ ಬಂದುಬಿಡುತ್ತದೆ. ಅದನ್ನು ನೋಡಿ ಹೆದರಿ, ತಿಂಗಳ ಮೇಲೆ ಠಾಣೆಗೆ ಓಡುವ ಅಗತ್ಯವಿಲ್ಲ. ಇದು ಮನೆಯೊಳಗಿನ ಅಪಘಾತ, ಪೊಲೀಸ್ ದಾಖಲೆ ಅನ್ವಯಿಸುವುದಿಲ್ಲ ಎಂದು ವೈದ್ಯರ ಪತ್ರದೊಂದಿಗೆ ಉತ್ತರ ಬರೆದರೆ ಸಾಕು.

ಮೊದಲ ಹೇಳಿಕೆ

ಎಂಎಲ್‌ಸಿ ಪುಟದಲ್ಲಿ ತನಿಖೆ ಮಾಡುವವರ ಕಣ್ಣು ಮೊದಲು ಹೋಗುವುದು ಗಾಯದ ವಿವರಕ್ಕಲ್ಲ, ಘಟನೆ ಹೇಗಾಯಿತೆಂದು ರೋಗಿ ಅಥವಾ ಕರೆತಂದವರು ಹೇಳಿದ ಒಂದೆರಡು ಸಾಲಿಗೆ. ಆಗಿನ್ನೂ ವಿಮೆಯ ಯೋಚನೆ ಯಾರ ತಲೆಯಲ್ಲೂ ಇರುವುದಿಲ್ಲವೆಂಬ ಕಾರಣಕ್ಕೆ ನ್ಯಾಯಾಲಯಗಳೂ ಅದಕ್ಕೆ ತೂಕ ಕೊಡುತ್ತವೆ. ಆ ಸಾಲು ಹೇಗೆ ಕೆಲಸ ಮಾಡುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು.

ತಿಪಟೂರಿನ ಆಸುಪಾಸಿನ ಮೂವತ್ತೆಂಟು ವರ್ಷದ ಕೊಬ್ಬರಿ ವ್ಯಾಪಾರಿಯೊಬ್ಬರು ಸಂಜೆ ಏಳೂ ನಲವತ್ತರ ಹೊತ್ತಿಗೆ ಬೈಕಿನಲ್ಲಿ ಮನೆಗೆ ಹೊರಟಿದ್ದಾರೆ. ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದರು, ಗಾಡಿ ಜಾರಿ ಬಲ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಹಿಂದೆ ಬರುತ್ತಿದ್ದ ಸ್ನೇಹಿತ ಖಾಸಗಿ ನರ್ಸಿಂಗ್ ಹೋಮಿಗೆ ಕರೆತಂದ. ‘ಪೊಲೀಸ್ ಕೇಸು ಗೀಸು ಬೇಡ ಡಾಕ್ಟ್ರೇ, ತಾನೇ ಬಿದ್ದಿರೋದು’ ಎಂದ. ಡ್ಯೂಟಿ ಡಾಕ್ಟರು ಎಂಎಲ್‌ಸಿ ಮಾಡಲಿಲ್ಲ. ಕೇಸ್ ಶೀಟಿನಲ್ಲಿ ‘ರಾತ್ರಿ 8.15ಕ್ಕೆ ಸ್ನೇಹಿತರು ಕರೆತಂದರು, ಬೈಕಿನಿಂದ ತಾನಾಗಿ ಬಿದ್ದ ಗಾಯ, ಮದ್ಯದ ವಾಸನೆ ಇಲ್ಲ’ ಎಂದು ಬರೆದರು. ಮಾರನೆಯ ದಿನ ಮೂಳೆಯೊಳಗೆ ರಾಡ್ ಕೂರಿಸಿದರು. ಬಿಲ್ಲು 1,62,000 ರೂಪಾಯಿ. ಡಿಸ್ಚಾರ್ಜ್ ಸಮರಿ ಟೈಪ್ ಮಾಡಿದವರು ಅಷ್ಟುದ್ದ ಬರೆಯದೆ ‘ಬಿದ್ದ ಇತಿಹಾಸ’ ಎಂದಷ್ಟೇ ಹಾಕಿದರು. ಅವರ ಆರೋಗ್ಯ ವಿಮೆಗೆ ಆಗ ಹತ್ತೊಂಬತ್ತು ದಿನ.

ಟಿಪಿಎಯಿಂದ ಕ್ಯೂರಿ ಬಂತು: ಗಾಯ ಹೇಗಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಎಂಎಲ್‌ಸಿ ಅಥವಾ ಎಫ್‌ಐಆರ್ ಪ್ರತಿ, ಮದ್ಯದ ಬಗ್ಗೆ ವೈದ್ಯರ ಟಿಪ್ಪಣಿ. 30 ದಿನದೊಳಗಿನ ಕ್ಲೇಮು ಆದ್ದರಿಂದ ಇದನ್ನು ಕೇಳುವುದು ಸಹಜ. ಈ ಹಂತದಲ್ಲೇ ಸಲಹೆ ಕೊಡುವವರೊಬ್ಬರು ಸಿಗುತ್ತಾರೆ. ಯಾವುದೋ ಕಾರು ಗುದ್ದಿತೆಂದು ದೂರು ಕೊಡಿ, ಎಫ್‌ಐಆರೂ ಆಗುತ್ತದೆ, ಆ ಕಾರಿನ ವಿಮೆಯಿಂದ ಬೇರೆ ಪರಿಹಾರವೂ ಬರುತ್ತದೆ ಎಂಬುದು ಅವರ ಲೆಕ್ಕ. ಈ ಆಸೆಗೆ ಒಂದು ಹಿನ್ನೆಲೆಯಿದೆ. ತಾನೇ ಜಾರಿ ಬಿದ್ದವರಿಗೆ ಥರ್ಡ್ ಪಾರ್ಟಿ ವಿಮೆಯಲ್ಲಿ ಏನೂ ಸಿಗುವುದಿಲ್ಲ. ಬೈಕಿನೊಂದಿಗೆ ಕಡ್ಡಾಯವಾಗಿರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆಯೂ ಸಾವು, ಕೈಕಾಲು ಅಥವಾ ಕಣ್ಣು ಪೂರ್ತಿ ಕಳೆದುಕೊಂಡದ್ದು, ಶಾಶ್ವತ ಪೂರ್ಣ ಅಂಗವೈಕಲ್ಯ ಇವಕ್ಕೆ ಮಾತ್ರ. ಮುರಿದು ಕೂಡಿಕೊಂಡ ಮೂಳೆಗೆ ಅದರಲ್ಲಿ ಕಾಸೂ ಇಲ್ಲ.

ವ್ಯಾಪಾರಿ ಆ ಸಲಹೆ ಕೇಳಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ದೂರಿನಲ್ಲಿ ಕಾರು, ಕೇಸ್ ಶೀಟಿನಲ್ಲಿ ತಾನಾಗಿ ಬಿದ್ದದ್ದು. ಐಎಂವಿ ವರದಿಯಲ್ಲಿ ಬೈಕಿನ ಒಂದು ಪಕ್ಕಕ್ಕೆ ಮಾತ್ರ ಉಜ್ಜಿದ ಗುರುತು, ಕಾರಿನ ಮೇಲೆ ಗುರುತೇ ಇಲ್ಲ. ದೂರಿನ ದಿನಾಂಕ ಡಿಸ್ಚಾರ್ಜ್ ಆದ ಮೇಲಿನದು. ಕಂಪನಿಯ ತನಿಖೆಗಾರ ನರ್ಸಿಂಗ್ ಹೋಮಿಗೆ ಹೋಗಿ ಕ್ಯಾಷುಯಾಲಿಟಿ ಪುಟದ ಜೆರಾಕ್ಸ್ ತಂದರೆ ಸಾಕು, ಕಾರಿನ ಕಥೆ ಬಿದ್ದುಹೋಗುತ್ತದೆ. ಅದರ ಜೊತೆಗೆ ನ್ಯಾಯವಾಗಿ ಸಿಗಬೇಕಾಗಿದ್ದ ಆರೋಗ್ಯ ವಿಮೆಯ 1,62,000 ರೂಪಾಯಿಯೂ ಅಪಾಯಕ್ಕೆ ಸಿಕ್ಕುತ್ತದೆ, ಏಕೆಂದರೆ ವಂಚನೆಯ ಷರತ್ತು ಆ ಪಾಲಿಸಿಯಲ್ಲೂ ಇರುತ್ತದೆ. ಸುಳ್ಳು ದೂರಿಗೆ ಕ್ರಿಮಿನಲ್ ಕ್ರಮ ಬೇರೆ.

ಸರಿಯಾದ ದಾರಿ ಇದಕ್ಕಿಂತ ಸರಳ. ಕ್ಯಾಷುಯಾಲಿಟಿ ಪುಟದ ಪ್ರತಿಯನ್ನು ಪಡೆದು, ಅದರಲ್ಲಿರುವ ಮಾತನ್ನೇ ಉಲ್ಲೇಖಿಸಿ ಗಾಯ ಹೇಗಾಯಿತು, ಎಂಎಲ್‌ಸಿ ಏಕೆ ಆಗಲಿಲ್ಲ, ಮದ್ಯದ ಲಕ್ಷಣವಿರಲಿಲ್ಲ ಎಂದು ವೈದ್ಯರಿಂದ ಪತ್ರ ಬರೆಸಬೇಕು. ಡಿಸ್ಚಾರ್ಜ್ ಸಮರಿಯ ಅರೆಬರೆ ಸಾಲನ್ನು ಕೇಸ್ ಶೀಟಿಗೆ ಹೊಂದುವಂತೆ ಆಸ್ಪತ್ರೆಯೇ ಸಹಿ, ಮೊಹರು ಹಾಕಿ ಸರಿಪಡಿಸಿ ಕೊಡಬೇಕು. ಆ ರಾತ್ರಿಯ ದಿನಾಂಕ, ಸಮಯ ಅಚ್ಚಾಗಿರುವ ಎಕ್ಸ್‌ರೇ ಹಳೆಯ ಗಾಯವೆಂಬ ಅನುಮಾನಕ್ಕೆ ಗಟ್ಟಿ ಉತ್ತರ. ಬಯಸಿದರೆ ಠಾಣೆಗೆ ನಡೆದದ್ದನ್ನು ನಡೆದಂತೆ ಬರೆದು ಅರ್ಜಿ ಕೊಟ್ಟು ಹಿಂಬರಹ ಪಡೆಯಬಹುದು. ತಡವಾಗಿ ಕೊಟ್ಟ ನಿಜವಾದ ಅರ್ಜಿಗೆ, ಬೇಗ ಕೊಟ್ಟ ಸುಳ್ಳು ಎಫ್‌ಐಆರಿಗಿಂತ ಬೆಲೆ ಹೆಚ್ಚು.

ಸುಳ್ಳಿಲ್ಲದ ಕಡೆಯೂ ಹೊಂದಾಣಿಕೆ ತಪ್ಪುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎಂಎಲ್‌ಸಿ ಆಗಿ ಬೆಂಗಳೂರಿಗೆ ಕಳಿಸಿದಾಗ ಎರಡನೆಯ ಆಸ್ಪತ್ರೆ ಮೊದಲಿನ ಎಂಎಲ್‌ಸಿ ಸಂಖ್ಯೆಯನ್ನು ಬರೆದುಕೊಳ್ಳದಿರುವುದು, ಎಡಗಾಲು ಬಲಗಾಲಾಗುವುದು, ಹಿಂಬದಿ ಸವಾರ ಸವಾರನಾಗುವುದು, ರಾತ್ರಿ ಹನ್ನೆರಡರ ಆಚೀಚೆಯ ಅಪಘಾತದಲ್ಲಿ ತಾರೀಖು ಒಂದು ದಿನ ಜಾರುವುದು ತೀರ ಮಾಮೂಲು. ಹಿಂಬದಿ ಸವಾರನೋ ಸವಾರನೋ ಎಂಬುದರಲ್ಲಿ ತಪ್ಪಾದರೆ ಅದು ಚಿಕ್ಕದಲ್ಲ. ಲೈಸೆನ್ಸ್ ಯಾರದಿರಬೇಕು, ಯಾವ ವಿಮೆ ಅನ್ವಯಿಸುತ್ತದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಆಸ್ಪತ್ರೆಯಿಂದ ಹೊರಡುವ ಮುಂಚೆ ಸಮರಿಯ ಮೊದಲ ಪ್ಯಾರಾವನ್ನು ಯಾರಾದರೂ ಓದಿ ನೋಡುವುದು ಒಳ್ಳೆಯದು.

ಮದ್ಯದ ವಾಸನೆ

ಎಂಎಲ್‌ಸಿ ಪುಟದಲ್ಲಿ ‘ಮದ್ಯದ ವಾಸನೆ ಇದೆ’ ಎಂದು ಬರೆದಿದ್ದರೆ ಮುಂದಿನ ದಾರಿ ಕಷ್ಟ. ಚಾಲಕರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಬರೀ ವಾಸನೆಯಿಂದ ಆ ಪ್ರಮಾಣ ತಿಳಿಯುವುದಿಲ್ಲ, ರಕ್ತಪರೀಕ್ಷೆ ಎಲ್ಲಿ ಎಂದು ಕ್ಲೇಮುದಾರರು ವಾದಿಸುತ್ತಾರೆ. ಈ ವಾದಕ್ಕೂ ಒಂದು ಎಲ್ಲೆಯಿದೆ. 2007ರಲ್ಲಿ ದೆಹಲಿಯಲ್ಲಿ ಅಪಘಾತಕ್ಕೀಡಾದ ಪೋರ್ಷೆ ಕಾರಿನ ಪ್ರಕರಣದಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಇರಲಿಲ್ಲ, ವಾಸನೆಯ ಉಲ್ಲೇಖ ದಾಖಲೆಗಳಲ್ಲಿತ್ತು. ವಾಹನ ಓಡಿಸಿದ ರೀತಿ, ಅಪಘಾತದ ಸನ್ನಿವೇಶ ಎಲ್ಲವನ್ನೂ ಒಟ್ಟಿಗೆ ನೋಡಿ ಕಂಪನಿ ಅಮಲಿನ ಚಾಲನೆಯನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಪರ್ಲ್ ಬೆವರೇಜಸ್ ತೀರ್ಪಿನಲ್ಲಿ ಹೇಳಿ ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು. ಅದು ವಾಹನ ಹಾನಿಯ ಕ್ಲೇಮು. ಅದೇ ವಾಹನದಿಂದ ಗಾಯಗೊಂಡ ದಾರಿಹೋಕನ ಪರಿಹಾರದ ಹಕ್ಕು ಬೇರೆ ಮಾತು, ಚಾಲಕನ ಅಮಲಿನಿಂದ ಅದು ಕಳೆದುಹೋಗುವುದಿಲ್ಲ.

ಸಾವಿನ ಪ್ರಕರಣ

ಸಾವಾದಾಗ ಕಾಗದದ ಕೇಂದ್ರ ಪಿಎಂ ರಿಪೋರ್ಟ್. ‘ಹೆಣ ಕುಯ್ಯಿಸುವುದು ಬೇಡ’ ಎಂದು ಬೇಡಿಕೊಳ್ಳುವ ಕುಟುಂಬಗಳ ಸಂಕಟ ಅರ್ಥವಾಗುವಂಥದ್ದೇ. ಆದರೆ ರಸ್ತೆ ಅಥವಾ ವಿದ್ಯುತ್ ಅಪಘಾತದ ಸಾವಿನಲ್ಲಿ ಆ ಪರೀಕ್ಷೆ ತಪ್ಪಿದರೆ ಸಾವಿನ ಕಾರಣವನ್ನು ಆಮೇಲೆ ಯಾವ ಕಾಗದದಿಂದಲೂ ತುಂಬಿಕೊಡಲಾಗದು. ಗಾಯವಾಗಿ ಕೆಲವು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡವರ ವಿಷಯದಲ್ಲಿ ಈ ತಪ್ಪು ಹೆಚ್ಚಾಗುತ್ತದೆ. ಮನೆಯವರು ಕೊನೆಯ ದಿನಗಳಲ್ಲಿ ಊರಿಗೆ ಕರೆದೊಯ್ದಿರುತ್ತಾರೆ, ಸಾವು ಮನೆಯಲ್ಲಾಗುತ್ತದೆ, ಠಾಣೆಗೆ ತಿಳಿಸುವುದಿಲ್ಲ. ಗಾಯದ ಎಫ್‌ಐಆರ್ ಇರುತ್ತದೆ, ಸಾವಿಗೂ ಆ ಗಾಯಕ್ಕೂ ಸಂಬಂಧ ತೋರಿಸುವ ಕಾಗದ ಇರುವುದಿಲ್ಲ. ಅಪಘಾತವಾದ 180 ದಿನದೊಳಗೆ ಸಾವಾಗಿರಬೇಕೆಂಬ ಷರತ್ತು ಹಲವು ರೈಡರ್‌ಗಳಲ್ಲಿ ಇರುವುದರಿಂದ ದಿನಾಂಕವೂ ಲೆಕ್ಕಕ್ಕೆ ಬರುತ್ತದೆ.

ವಿಷದ ಅನುಮಾನವಿದ್ದರೆ ಅಥವಾ ಕಾರಣ ಸ್ಪಷ್ಟವಿಲ್ಲದಿದ್ದರೆ ವೈದ್ಯರು ಅಭಿಪ್ರಾಯವನ್ನು ಕಾದಿರಿಸಿ ವಿಸೆರಾವನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಫಲಿತಾಂಶಕ್ಕೆ ತಿಂಗಳುಗಳು ಹಿಡಿಯುವುದುಂಟು. ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಪಿಎಂ ಮಾಡಿದ ವೈದ್ಯರು ಅದನ್ನು ನೋಡಿ ಅಂತಿಮ ಅಭಿಪ್ರಾಯ ಬರೆಯಬೇಕು, ಅದು ಠಾಣೆಯ ಕಡತ ಸೇರಬೇಕು. ಎಷ್ಟೋ ಕ್ಲೇಮು ನಿಂತಿರುವುದು ಪ್ರಯೋಗಾಲಯದಲ್ಲಿ ಅಲ್ಲ, ವರದಿ ಬಂದರೂ ಅಂತಿಮ ಅಭಿಪ್ರಾಯ ಬರೆಸಿಕೊಳ್ಳಲು ಯಾರೂ ಹೋಗದ ಈ ಕೊನೆಯ ಹಂತದಲ್ಲಿ.

ಪಿಎಂ ರಿಪೋರ್ಟ್ ಕ್ಲೇಮುದಾರರ ವಿರುದ್ಧವೂ ಹೋಗಬಹುದು. ಮೋಟಾರ್‌ಸೈಕಲ್ ಓಡಿಸುತ್ತಿದ್ದಾಗ ಎದೆನೋವು ಬಂದು ಕೆಳಗೆ ಬಿದ್ದು ತೀರಿಕೊಂಡವರೊಬ್ಬರ ಪತ್ನಿ ಅಪಘಾತದ ಹಣ ಕೇಳಿದ ಅಲ್ಕಾ ಶುಕ್ಲಾ ಪ್ರಕರಣದಲ್ಲಿ, ಸಾವಿಗೆ ಕಾರಣ ಹೃದಯಾಘಾತ, ಬಿದ್ದ ಗಾಯವಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಕ್ಲೇಮು ಒಪ್ಪಲಿಲ್ಲ. ಬಿದ್ದದ್ದರಿಂದ ಸಾವೋ, ಸಾವಿನತ್ತ ಹೋಗುತ್ತಿದ್ದುದರಿಂದ ಬಿದ್ದದ್ದೋ ಎಂಬ ಪ್ರಶ್ನೆಗೆ ಉತ್ತರ ಶವಪರೀಕ್ಷೆಯಲ್ಲಿ ಮಾತ್ರ ಸಿಗುತ್ತದೆ.

ಕಾಗದ ಇಲ್ಲದಾಗ, ತಡವಾದಾಗ

ತಡವಾಗಿ ಎಫ್‌ಐಆರ್ ಆಯಿತೆಂಬುದೊಂದೇ ಕಾರಣಕ್ಕೆ ಕ್ಲೇಮು ಸುಳ್ಳಾಗುವುದಿಲ್ಲ. ಲಾರಿ ತಗುಲಿ ಗಾಯಗೊಂಡ ಮಗುವೊಂದರ ಪ್ರಕರಣದಲ್ಲಿ ಮೂರು ತಿಂಗಳಿಗೂ ಹೆಚ್ಚು ತಡವಾಗಿ ದೂರು ದಾಖಲಾಗಿತ್ತು. ಗಾಯಾಳುವಿನ ಮನೆಯವರು ಮೊದಲು ಚಿಕಿತ್ಸೆ ನೋಡುತ್ತಾರೆಯೇ ಹೊರತು ಠಾಣೆಗೆ ಓಡುವುದಿಲ್ಲ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ 2011ರಲ್ಲಿ, ರವಿ ಮತ್ತು ಬದ್ರಿನಾರಾಯಣ ನಡುವಿನ ಪ್ರಕರಣದಲ್ಲಿ, ಒಪ್ಪಿತು. ಆದರೂ ತಡಕ್ಕೆ ವಿವರಣೆ ಇರಬೇಕು, ಮೊದಲ ದಿನದ ಆಸ್ಪತ್ರೆ ದಾಖಲೆ ಆ ವಿವರಣೆಯೊಂದಿಗೆ ಕೂಡಬೇಕು. ತಡವಾಗಿ ಬಂದ ಗಾಯಾಳುವಿಗೂ ವೈದ್ಯರು ಎಂಎಲ್‌ಸಿ ಮಾಡಬಹುದು. ಗಾಯ ಎಷ್ಟು ಹಳೆಯದು, ನಡುವೆ ಎಷ್ಟು ಕಾಲ ಹೋಯಿತು ಎಂಬುದನ್ನು ಅದರಲ್ಲೇ ಬರೆಯುತ್ತಾರೆ. ಹಿಂದಿನ ತಾರೀಖು ಹಾಕಿಸಲು ನೋಡುವುದು ಮಾತ್ರ ಕೆಲಸ ಕೆಡಿಸುತ್ತದೆ, ರಿಜಿಸ್ಟರಿನ ಕ್ರಮಸಂಖ್ಯೆ ಅದನ್ನು ಬಯಲು ಮಾಡಿಬಿಡುತ್ತದೆ.

ಕಂಪನಿಗಳಿಗೂ ಕಟ್ಟುಪಾಡಿದೆ. ನಿಜವಾದ ಕ್ಲೇಮನ್ನು ತಡವಾಗಿ ತಿಳಿಸಿದರೆಂಬ ತಾಂತ್ರಿಕ ಕಾರಣಕ್ಕೆ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. ಸಾಮಾನ್ಯ ವಿಮೆಗೆ ಅದು 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆ ಇನ್ನೂ ಮುಂದೆ ಹೋಗಿ, ದಾಖಲೆ ಇಲ್ಲವೆಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ, ಇತ್ಯರ್ಥಕ್ಕೆ ನೇರವಾಗಿ ಸಂಬಂಧಿಸಿದ ಅಗತ್ಯ ದಾಖಲೆಗಳನ್ನು ಮಾತ್ರ ಕೇಳಬಹುದು ಎನ್ನುತ್ತದೆ. ಎಫ್‌ಐಆರ್, ಪಿಎಂ ರಿಪೋರ್ಟ್ ಅದರ ಉದಾಹರಣೆಗಳಲ್ಲಿವೆ, ಆದರೆ ‘ಅನ್ವಯಿಸುವ ಕಡೆ’ ಎಂಬ ಷರತ್ತಿನೊಂದಿಗೆ. ಮನೆಯೊಳಗೆ ಬಿದ್ದವರಿಗೆ ಎಫ್‌ಐಆರ್ ಕೇಳಿದರೆ ತೋರಿಸಬೇಕಾದ ಮಾತು ಇದೇ. ಕಾಗದ ನಿಜವಾಗಿ ಅಗತ್ಯವಿರುವ ಕಡೆ, ಅಂದರೆ ಸಾವಿನ ಕಾರಣವೇ ಪ್ರಶ್ನೆಯಾಗಿರುವಾಗ, ಈ ಸುತ್ತೋಲೆ ಆ ಕೊರತೆಯನ್ನು ತುಂಬುವುದಿಲ್ಲ.

ಕಾಗದ ಬರುವುದಕ್ಕೆ ಕಾದು ಕೂತು ಗಡುವು ಮೀರಿಸಿಕೊಳ್ಳುವವರೂ ಇದ್ದಾರೆ. ಕ್ಲೇಮಿನ ತಿಳುವಳಿಕೆ ಕೊಡಲು ಎಫ್‌ಐಆರ್ ಕೈಯಲ್ಲಿರಬೇಕಾಗಿಲ್ಲ. ಕಂಪನಿಗೆ ಮೊದಲು ತಿಳಿಸಿ, ಠಾಣೆ ಅಥವಾ ಪ್ರಯೋಗಾಲಯದಿಂದ ಬರಬೇಕಾದ್ದು ಬಾಕಿಯಿದೆ ಎಂದು ಬರೆದು, ಬಂದಂತೆ ಸೇರಿಸುತ್ತ ಹೋಗಬಹುದು. ಸುರಕ್ಷಾ ಬಿಮಾ ಯೋಜನೆಯಲ್ಲಿ ಅರ್ಜಿಗೆ ಅಪಘಾತದಿಂದ 30 ದಿನ ಎಂದಿದೆ. ಮೋಟಾರು ಅಪಘಾತ ನ್ಯಾಯಮಂಡಳಿಗೆ ಆರು ತಿಂಗಳ ಮಿತಿಯನ್ನು 2019ರ ತಿದ್ದುಪಡಿ ತಂದಿತು, ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಂಪನಿ ಕೈಯೆತ್ತಿದರೆ ಮೊದಲು ಅದರ ದೂರು ಪರಿಹಾರ ಅಧಿಕಾರಿಗೆ ಬರೆಯಬೇಕು, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರಿನ ಜೊತೆ ಕಂಪನಿಯ ನಿರಾಕರಣೆ ಪತ್ರ, ಪಾಲಿಸಿಯ ಪ್ರತಿ ಮತ್ತು ಕ್ಯಾಷುಯಾಲಿಟಿಯ ಮೊದಲ ಪುಟ ಇಟ್ಟು ಕಳಿಸಬೇಕು.